ತೂಕವಿಳಿದ ದೇಹದ ಆಯವ್ಯಯ

ಪಥ್ಯ ಹಿಡಿದು ತೂಕ ಇಳಿಸಿಕೊಳ್ಳಲು ಹೊರಟವರೆಲ್ಲರಿಗೂ ಒಂದು ಘಟ್ಟ ಬಂದೇ ಬರುತ್ತದೆ: ಮೊದಲ ತಿಂಗಳುಗಳಲ್ಲಿ ಎಷ್ಟು ಉಂಡರೆ ವಾರವಾರವೂ ತೂಕ ಇಳಿಯುತ್ತಿದ್ದಿತೋ ಅಷ್ಟನ್ನೇ ಈಗಲೂ ಉಣ್ಣುತ್ತಿದ್ದರೂ ತೂಕ ಇದ್ದಲ್ಲೇ ನಿಲ್ಲುತ್ತದೆ, ಸ್ವಲ್ಪ ಸಡಿಲಬಿಟ್ಟರಂತೂ ಹೋದದ್ದೆಲ್ಲ ಮರಳಿ ಬರತೊಡಗುತ್ತದೆ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಬಗೆದು ತಮ್ಮನ್ನು ತಾವೇ ಹಳಿದುಕೊಳ್ಳುವವರು ಒಂದು ಕಡೆ. "ನನ್ನ ಮೆಟಬಾಲಿಸಂ ಸತ್ತುಹೋಗಿದೆ" ಎಂದು ವ್ಯಾಯಾಮಶಾಲೆಯ ಭಾಷೆಯಲ್ಲಿ ಹೇಳಿ ಕೈಚೆಲ್ಲುವವರು ಇನ್ನೊಂದು ಕಡೆ. ಈ ಎರಡು ಮಾತುಗಳೂ ನಿಜಕ್ಕೆ ದೂರವಾದವು. ದೇಹದ ವ್ಯಯ ತಗ್ಗುವುದು ದಿಟ. ಆದರೆ ಎಷ್ಟು ತಗ್ಗುತ್ತದೆ, ಯಾವಾಗ ತಗ್ಗುತ್ತದೆ, ತೂಕ ಮರಳಿ ಬರುವುದರಲ್ಲಿ ಅದರ ಪಾಲೆಷ್ಟು ಎಂಬುದನ್ನು ಅಳತೆಗೋಲು ಹಿಡಿದು ನೋಡಿದಾಗ ಹೊರಬೀಳುವ ಸಂಗತಿ ಬೇರೆಯೇ ಆಗಿದೆ.

ಮೊದಲು ಎರಡು ಬಗೆಯ ಇಳಿತಗಳನ್ನು ಬೇರ್ಪಡಿಸಿಕೊಳ್ಳಬೇಕು. ತೊಂಬತ್ತು ಕಿಲೋ ತೂಗುವ ದೇಹಕ್ಕಿಂತ ಎಪ್ಪತ್ತೈದು ಕಿಲೋ ತೂಗುವ ದೇಹ ಕಡಿಮೆ ಇಂಧನವನ್ನು ಬಳಸುವುದರಲ್ಲಿ ಯಾವ ರಹಸ್ಯವೂ ಇಲ್ಲ. ಪೋಷಿಸಬೇಕಾದ ಅಂಗಾಂಶ ಕಡಿಮೆ, ಮೆಟ್ಟಲು ಹತ್ತುವಾಗ ಹೊರಬೇಕಾದ ಭಾರ ಕಡಿಮೆ. ಇದು ನಿರೀಕ್ಷಿತವಾದ ಇಳಿತ. ಆದರೆ ತೂಕ ಕಳೆದುಕೊಂಡವನೊಬ್ಬನನ್ನೂ, ಮೊದಲಿನಿಂದಲೂ ಅದೇ ತೂಕದವನಾಗಿ, ಅದೇ ವಯಸ್ಸು, ಅದೇ ಪ್ರಮಾಣದ ಮಾಂಸಖಂಡ ಮತ್ತು ಕೊಬ್ಬುಗಳನ್ನು ಉಳ್ಳವನೊಬ್ಬನನ್ನೂ ಪಕ್ಕಪಕ್ಕದಲ್ಲಿರಿಸಿ ಅಳೆದಾಗ, ಮೊದಲನೆಯವನ ವ್ಯಯ ಎರಡನೆಯವನದಕ್ಕಿಂತ ಮತ್ತಷ್ಟು ಕಡಿಮೆಯಾಗಿರುವುದುಂಟು. ದೇಹದ ಗಾತ್ರದಿಂದ ವಿವರಿಸಲಾಗದ ಈ ಹೆಚ್ಚಿನ ಕೊರತೆಗೇ ಚಯಾಪಚಯದ ಹೊಂದಾಣಿಕೆಯೆಂದು ಹೆಸರು. ಬರಗಾಲವನ್ನು ಕಂಡ ಮನೆಯೊಡತಿ, ಮಳೆ ಬಂದ ಮೇಲೂ ಅಕ್ಕಿಯನ್ನು ಹಿಡಿತದಿಂದಲೇ ಅಳೆದು ಹಾಕುವಂತೆ, ದೇಹವೂ ತನ್ನ ಖರ್ಚಿನಲ್ಲಿ ಒಂದು ಬಿಗಿಯನ್ನು ತಂದುಕೊಳ್ಳುತ್ತದೆ.

ಈ ಕೊರತೆಯನ್ನು ಕಣ್ಣಿನಿಂದ ಕಾಣಲಾಗದು, ಲೆಕ್ಕದಿಂದ ಹಿಡಿಯಬೇಕು. ಬೆಳಗ್ಗೆ ಬರಿಹೊಟ್ಟೆಯಲ್ಲಿರುವ ವ್ಯಕ್ತಿಯನ್ನು ಅಲುಗದಂತೆ ಮಲಗಿಸಿ, ತಲೆಯ ಮೇಲೆ ಪಾರದರ್ಶಕವಾದ ಮುಸುಕನ್ನಿರಿಸಿ, ಅವನು ಒಳಗೆಳೆದುಕೊಂಡ ಆಮ್ಲಜನಕವೆಷ್ಟು, ಹೊರಬಿಟ್ಟ ಇಂಗಾಲಾಮ್ಲವೆಷ್ಟು ಎಂಬುದನ್ನು ಅಳೆದರೆ ವಿಶ್ರಾಂತಿಯಲ್ಲಿರುವಾಗ ಅವನ ದೇಹ ದಿನವೊಂದಕ್ಕೆ ಎಷ್ಟು ಕ್ಯಾಲೊರಿ ಸುಡುತ್ತದೆಂದು ತಿಳಿಯುತ್ತದೆ. ಕೊಬ್ಬಿನ ಭಾಗವೆಷ್ಟು, ಉಳಿದ ಭಾಗವೆಷ್ಟು ಎಂಬುದನ್ನು ಕ್ಷಕಿರಣಗಳ ಒಂದು ವಿಶೇಷ ಯಂತ್ರದಿಂದ ಅರಿಯುತ್ತಾರೆ. ಅಂತಹ ದೇಹಕ್ಕೆ ಇಷ್ಟು ವ್ಯಯ ಇರಬೇಕೆಂದು ಒಂದು ಸೂತ್ರದಿಂದ ಊಹಿಸಿ, ಊಹೆಗೂ ಅಳತೆಗೂ ಇರುವ ಅಂತರವನ್ನು ಹೊಂದಾಣಿಕೆಯೆಂದು ಗಣಿಸುತ್ತಾರೆ. ಎರಡು ಸಂಖ್ಯೆಗಳ ವ್ಯತ್ಯಾಸವಾದ್ದರಿಂದ ಎರಡರ ದೋಷಗಳೂ ಇದರೊಳಗೆ ಸೇರುತ್ತವೆ. ಯಕೃತ್ತು, ಮೂತ್ರಪಿಂಡ, ಹೃದಯ, ಮಿದುಳು ಎಂಬಿವು ದೇಹದ ತೂಕದಲ್ಲಿ ಅತ್ಯಲ್ಪ ಭಾಗವಾದರೂ ವಿಶ್ರಾಂತಿಯ ವ್ಯಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ತಾವೇ ಬಳಸುತ್ತವೆ; ಪಥ್ಯದ ಕಾಲದಲ್ಲಿ ಇವುಗಳಲ್ಲಿ ಯಾವುದಾದರೂ ತುಸು ಕುಗ್ಗಿದರೂ ಸೂತ್ರಕ್ಕೆ ಅದು ತಿಳಿಯದು, ಕುಗ್ಗಿದ್ದರಿಂದಾದ ಉಳಿತಾಯವನ್ನು ಹೊಂದಾಣಿಕೆಯ ಲೆಕ್ಕಕ್ಕೆ ಬರೆದುಬಿಡುತ್ತದೆ. ಈ ಎಚ್ಚರಿಕೆಯನ್ನು ಮುಂದಿನ ಅಂಕಿಗಳನ್ನು ಓದುವಾಗಲೂ ನೆನಪಿನಲ್ಲಿಡಬೇಕು.

ವಿಷಯ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಯುರೋಪಿನ ಹಸಿದ ಜನರಿಗೆ ಮರಳಿ ಊಟವಿಕ್ಕುವ ಬಗೆ ಹೇಗೆಂದು ತಿಳಿಯುವುದಕ್ಕಾಗಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತ ತರುಣರನ್ನು, ಅಂತಃಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲೊಲ್ಲದೆ ಈ ಪ್ರಯೋಗಕ್ಕೆ ತಾವಾಗಿಯೇ ಮುಂದೆ ಬಂದವರನ್ನು, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದನು. ಬ್ರೆಡ್ಡು, ಆಲೂಗಡ್ಡೆ, ಎಲೆಕೋಸು, ಗಡ್ಡೆಗೆಣಸುಗಳ ಆ ಊಟದಲ್ಲಿ ಅವರ ತೂಕದ ಸುಮಾರು ನಾಲ್ಕನೆಯ ಒಂದು ಪಾಲು ಹೋಯಿತು. ವಿಶ್ರಾಂತಿಯ ವ್ಯಯವಾದರೋ ಸುಮಾರು ನೂರಕ್ಕೆ 40ರಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಬೇಸಗೆಯಲ್ಲೂ ಚಳಿಯೆಂದು ಕಂಬಳಿ ಹೊದೆಯತೊಡಗಿದರು, ಅನಗತ್ಯವಾದ ಒಂದು ಚಲನೆಯೂ ಅವರಿಗೆ ಬೇಡವಾಯಿತು. ಆ ಇಳಿತದ ಹೆಚ್ಚಿನ ಪಾಲು ದೇಹವೇ ಕುಗ್ಗಿದ್ದರಿಂದ ಆದುದು. ಉಳಿದದ್ದು ಬದುಕಿ ಉಳಿದ ಅಂಗಾಂಶವೇ ಮಿತವ್ಯಯವನ್ನು ಕಲಿತದ್ದರಿಂದ ಆದುದು.

ಅಂಗಾಂಶ ಮಿತವ್ಯಯವನ್ನು ಕಲಿಯುವುದೆಂತು ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆತದ್ದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ. ರುಡಾಲ್ಫ್ ಲೈಬೆಲ್, ಮೈಕೇಲ್ ರೋಸೆನ್‌ಬಾಮ್, ಜೂಲ್ಸ್ ಹರ್ಷ್ ಎಂಬವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಅಳೆದ ದ್ರವಾಹಾರವನ್ನೇ ಕೊಟ್ಟು, ಅವರ ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿ ಅಲ್ಲಿಯೇ ನಿಲ್ಲಿಸಿ ನೋಡಿದರು. ದಪ್ಪನೆಯವರಲ್ಲೂ ತೆಳ್ಳನೆಯವರಲ್ಲೂ ವ್ಯಯ ನಿರೀಕ್ಷೆಗಿಂತ ಕೆಳಗಿಳಿಯಿತು. ತೂಕವನ್ನು ಹೆಚ್ಚಿಸಿದಾಗ ನಿರೀಕ್ಷೆಗಿಂತ ಮೇಲೇರಿತು. ಮುಂದಿನ ವರ್ಷಗಳ ಕೆಲಸದಲ್ಲಿ ಅವರಿಗೆ ಕಂಡುಬಂದ ಕುತೂಹಲದ ಸಂಗತಿಯೆಂದರೆ, ಉಳಿತಾಯದ ದೊಡ್ಡ ಪಾಲು ನಡೆಯುವುದು ಮಲಗಿದಾಗ ಅಲ್ಲ, ನಿಧಾನವಾಗಿ ಓಡಾಡುವಾಗ: ಮಾಂಸಖಂಡಗಳು ಅದೇ ಹಗುರ ಕೆಲಸವನ್ನು ಮೊದಲಿಗಿಂತ ಕಡಿಮೆ ಇಂಧನದಲ್ಲಿ ಮಾಡತೊಡಗಿದ್ದವು. ಥೈರಾಯಿಡ್ ಗ್ರಂಥಿಯ ಸ್ರಾವ ತಗ್ಗಿದ್ದಿತು. ದೇಹವನ್ನು ಚುರುಕುಗೊಳಿಸುವ ನರಗಳ ಪ್ರೇರಣೆ ಕುಗ್ಗಿದ್ದಿತು. ಇವೆಲ್ಲಕ್ಕೂ ಹಿಂದೆ ಇದ್ದುದು ಲೆಪ್ಟಿನ್ ಎಂಬ ಹಾರ್ಮೋನು. ಕೊಬ್ಬಿನ ಕೋಶಗಳೇ ರಕ್ತಕ್ಕೆ ಬಿಡುವ ಈ ರಾಸಾಯನಿಕ, ಸಂಗ್ರಹ ಎಷ್ಟಿದೆಯೆಂಬ ವರ್ತಮಾನವನ್ನು ಮಿದುಳಿಗೆ ಮುಟ್ಟಿಸುತ್ತದೆ. ಕೊಬ್ಬು ಕರಗಿದಂತೆ ಇದೂ ಇಳಿಯುತ್ತದೆ, ಇಳಿದಾಗ ಮಿದುಳು ಕ್ಷಾಮವೆಂದೇ ತಿಳಿಯುತ್ತದೆ. 2005ರಲ್ಲಿ ಇದೇ ತಂಡದವರು ತೂಕ ಇಳಿಸಿದವರಿಗೆ ಲೆಪ್ಟಿನ್ನಿನ ಚುಚ್ಚುಮದ್ದನ್ನು, ಹಿಂದಿನ ಮಟ್ಟ ಬರುವಷ್ಟೇ ಅಲ್ಪ ಪ್ರಮಾಣದಲ್ಲಿ, ಕೊಟ್ಟು ನೋಡಿದಾಗ ಮೇಲೆ ಹೇಳಿದ ಬದಲಾವಣೆಗಳಲ್ಲಿ ಬಹುಪಾಲು ಹಿಮ್ಮೆಟ್ಟಿದವು.

ಇಷ್ಟಾದರೂ ಈ ವಿಷಯ ವಿದ್ವಾಂಸರ ವಲಯವನ್ನು ದಾಟಿ ಸಾಮಾನ್ಯರ ಬಾಯಿಗೆ ಬಂದದ್ದು 2016ರಲ್ಲಿ, ದೂರದರ್ಶನದ ಒಂದು ಸ್ಪರ್ಧೆಯ ದೆಸೆಯಿಂದ. ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಕಾರ್ಯಕ್ರಮದಲ್ಲಿ ಅತಿ ಸ್ಥೂಲಕಾಯದವರು, ತರಬೇತುದಾರರ ಗದರಿಕೆಯ ನಡುವೆ, ದಿನಕ್ಕೆ ಗಂಟೆಗಟ್ಟಲೆ ಬೆವರು ಸುರಿಸಿ, ಅಲ್ಪಾಹಾರದಲ್ಲಿದ್ದು, ಯಾರು ಹೆಚ್ಚು ತೂಕ ಕಳೆದುಕೊಳ್ಳುತ್ತಾರೆಂದು ಪೈಪೋಟಿ ನಡೆಸುತ್ತಿದ್ದರು. ಇಂತಹದೊಂದು ಪ್ರದರ್ಶನ ಮನೋರಂಜನೆಯೆನಿಸಿಕೊಂಡದ್ದೇ ಆಶ್ಚರ್ಯ. ಆದರೆ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಎಂಬ ಸಂಶೋಧಕ ಅದರಲ್ಲಿ, ಯಾವ ಪ್ರಯೋಗಶಾಲೆಯೂ ಧೈರ್ಯಮಾಡಲಾರದ ಒಂದು ಪ್ರಯೋಗವನ್ನು ಕಂಡನು. 2009ರ ಸರಣಿಯ 16 ಸ್ಪರ್ಧಿಗಳಲ್ಲಿ 14 ಮಂದಿಯನ್ನು ಆರು ವರ್ಷಗಳ ಅನಂತರ ಕರೆಸಿ ಅವನೂ ಅವನ ಸಹೋದ್ಯೋಗಿಗಳೂ ಮತ್ತೆ ಅಳೆದರು.

ಸ್ಪರ್ಧೆಯ ಆರಂಭದಲ್ಲಿ ಇವರ ಸರಾಸರಿ ತೂಕ ಸುಮಾರು 149 ಕಿಲೋ. 30 ವಾರಗಳ ಕೊನೆಗೆ ಅದು 91ಕ್ಕೆ ಇಳಿದಿತ್ತು. ಆರು ವರ್ಷಗಳ ಮೇಲೆ 132ಕ್ಕೆ ಏರಿತ್ತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಲ್ಲೂ ತೂಕ ಅಷ್ಟೋ ಇಷ್ಟೋ ಮರಳಿ ಬಂದಿತ್ತು. ಇದರಲ್ಲಿ ಯಾರಿಗೂ ಬೆರಗಾಗುವಂತಹದು ಇಲ್ಲ. ಬೆರಗು ಇದ್ದುದು ವ್ಯಯದ ಲೆಕ್ಕದಲ್ಲಿ. ಆರಂಭದಲ್ಲಿ ವಿಶ್ರಾಂತಿಯ ವ್ಯಯ ದಿನಕ್ಕೆ ಸುಮಾರು 2,600 ಕ್ಯಾಲೊರಿ ಇದ್ದದ್ದು ಸ್ಪರ್ಧೆಯ ಕೊನೆಗೆ 2,000ಕ್ಕೆ ಬಂದಿತ್ತು. ಅಷ್ಟು ಸಣ್ಣದಾದ ದೇಹಕ್ಕೆ ಸಲ್ಲಬೇಕಾದುದಕ್ಕಿಂತ ಅದು 275ರಷ್ಟು ಕಡಿಮೆ. ಆರು ವರ್ಷಗಳಲ್ಲಿ 41 ಕಿಲೋ ಮರಳಿ ಬಂದಿರಲಾಗಿ ವ್ಯಯವೂ ಏರಬೇಕಾಗಿದ್ದಿತಷ್ಟೆ? ಏರಲಿಲ್ಲ, ಇನ್ನೂ ಸ್ವಲ್ಪ ಕೆಳಗೆ, 1,900ರ ಬಳಿ ನಿಂತಿತ್ತು. ನಿರೀಕ್ಷೆಗೂ ಅಳತೆಗೂ ನಡುವಣ ಅಂತರ ದಿನಕ್ಕೆ ಸುಮಾರು 500 ಕ್ಯಾಲೊರಿಗೆ ಬೆಳೆದಿತ್ತು. ಸುಮಾರು 195 ಕಿಲೋದಿಂದ 87ಕ್ಕೆ ಇಳಿದು ಆ ವರ್ಷದ ಬಹುಮಾನ ಗೆದ್ದವನಲ್ಲಿಯಂತೂ ಈ ಅಂತರ 800ರಷ್ಟಿತ್ತು. ಪತ್ರಿಕೆಗಳು ಈ ಸುದ್ದಿಯನ್ನು ಮೊದಲ ಪುಟಕ್ಕೆ ತಂದವು. ದೇಹವೇ ಶತ್ರು, ಯತ್ನವೆಲ್ಲ ವ್ಯರ್ಥ ಎಂಬ ಭಾವನೆ ಲೋಕದಲ್ಲಿ ಹಬ್ಬಿತು.

ಆದರೆ ಅದೇ ಪ್ರಬಂಧದ ಒಳಪುಟಗಳಲ್ಲಿ, ಸುದ್ದಿಗಾರರು ಬೇಗನೆ ದಾಟಿಹೋದ ಎರಡು ವಾಕ್ಯಗಳಿದ್ದವು. ಸ್ಪರ್ಧೆಯ ಕೊನೆಯಲ್ಲಿ ಯಾರ ವ್ಯಯ ಹೆಚ್ಚು ತಗ್ಗಿತ್ತೋ ಅವರಲ್ಲಿ ತೂಕ ಹೆಚ್ಚು ಮರಳಿ ಬಂದಿತೆಂಬ ಸಂಬಂಧವೇ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಆರು ವರ್ಷಗಳ ಅನಂತರ ಯಾರು ತೂಕವನ್ನು ಚೆನ್ನಾಗಿ ಹಿಡಿದಿಟ್ಟುಕೊಂಡಿದ್ದರೋ ಅವರ ವ್ಯಯವೇ ಹೆಚ್ಚು ತಗ್ಗಿದ್ದಿತು. ವ್ಯಯ ತಗ್ಗುವುದೇ ತೂಕ ಮರಳುವುದಕ್ಕೆ ಕಾರಣವಾಗಿದ್ದರೆ ಇದು ತಿರುಗುಮುರುಗಾಗಿರಬೇಕಾಗಿತ್ತು.

ಈ ಗಂಟನ್ನು ಬಿಡಿಸಲು ಹಾಲ್ ತಾನೇ 2022ರಲ್ಲಿ ಮತ್ತೆ ಕೈಹಾಕಿದನು. ಇದಕ್ಕೆ ಹಿಂದೆಯೇ ಅವನ ತಂಡ, ಭಾರವಾದ ಜಲಜನಕ ಮತ್ತು ಭಾರವಾದ ಆಮ್ಲಜನಕಗಳಿಂದ ಕೂಡಿದ ನೀರನ್ನು ಕುಡಿಸಿ ಮೂತ್ರದಲ್ಲಿ ಅವು ಕರಗಿಹೋಗುವ ವೇಗದಿಂದ ಇಡೀ ದಿನದ ವ್ಯಯವನ್ನು ಲೆಕ್ಕಹಾಕುವ ವಿಧಾನದಿಂದ, ಇದೇ ಸ್ಪರ್ಧಿಗಳ ಶಾರೀರಿಕ ಚಟುವಟಿಕೆಯನ್ನು ಅಳೆದಿತ್ತು. ತೂಕವನ್ನು ಉಳಿಸಿಕೊಂಡವರ ಚಟುವಟಿಕೆ ಆರಂಭಕ್ಕಿಂತ ನೂರಕ್ಕೆ 160ರಷ್ಟು ಹೆಚ್ಚಿತ್ತು. ತೂಕ ಮರಳಿದವರಲ್ಲಿ ಹೆಚ್ಚಳ 34 ಮಾತ್ರ. ಅಂದರೆ ವ್ಯಯ ಹೆಚ್ಚು ತಗ್ಗಿದ್ದವರು ಹೆಚ್ಚು ದುಡಿಯುತ್ತಿದ್ದವರೇ ಆಗಿದ್ದರು. ವರ್ಷಗಟ್ಟಲೆ ತೀವ್ರವಾಗಿ ವ್ಯಾಯಾಮ ಮಾಡುವ ದೇಹ, ಆ ಖರ್ಚಿನ ಒಂದಂಶವನ್ನು ವಿಶ್ರಾಂತಿಯ ಖರ್ಚಿನಿಂದ ಕಡಿದು ಸರಿದೂಗಿಸಿಕೊಳ್ಳುತ್ತದೆ ಎಂಬುದು ಹಾಲ್ ಮುಂದಿಟ್ಟ ಅರ್ಥ. ತಾಂಜಾನಿಯದ ಹಡ್ಜಾ ಬೇಟೆಗಾರರ ಮೇಲೆ ಹರ್ಮನ್ ಪಾಂಟ್ಜರ್ ನಡೆಸಿದ ಅಧ್ಯಯನ ಹೊರಗೆಡಹಿದ ಸಂಗತಿಯೂ ಇದಕ್ಕೆ ಹತ್ತಿರವಾದುದೇ. ಹೀಗಾದರೆ 500 ಕ್ಯಾಲೊರಿಯ ಆ ಕೊರತೆ ಸೋಲಿನ ಗುರುತಾಗಿ ಉಳಿಯದೆ, ಒಂದು ಮಟ್ಟಿಗೆ, ಎಡೆಬಿಡದ ಪ್ರಯತ್ನದ ಗುರುತೂ ಆಗುತ್ತದೆ. ಹದಿನಾಲ್ಕು ಮಂದಿಯಿಂದ ಇದನ್ನು ಸಿದ್ಧಾಂತವೆಂದು ಸಾರಲಾಗದು. ಮೊದಲ ಭಯಂಕರ ವ್ಯಾಖ್ಯಾನಕ್ಕಿಂತ ಅಂಕಿಗಳಿಗೆ ಇದು ಹೆಚ್ಚು ಹೊಂದುತ್ತದೆಂದಷ್ಟೇ ನಾನು ಹೇಳಬಲ್ಲೆ.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಮೂಲಭೂತವಾದುದು. ಹೊಂದಾಣಿಕೆಯನ್ನು ಯಾವಾಗ ಅಳೆದರು? ತೂಕ ಇನ್ನೂ ಇಳಿಯುತ್ತಿರುವಾಗ, ಅರೆಹೊಟ್ಟೆಯ ನಡುವೆಯೇ ಅಳೆದರೆ ಕೊರತೆ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಆಗ ದೇಹ ಸ್ಪಂದಿಸುತ್ತಿರುವುದು ಕಳೆದುಹೋದ ಕೊಬ್ಬಿಗಿಂತ ಹೆಚ್ಚಾಗಿ ಅಂದಿನ ಉಪವಾಸಕ್ಕೆ. ಕೆಲವು ವಾರ ತೂಕವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ, ತಿನ್ನುವುದೂ ಸುಡುವುದೂ ಸಮವಾದ ಮೇಲೆ ಅಳೆದರೆ ಚಿತ್ರ ಬದಲಾಗುತ್ತದೆ. ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ 171 ಮಂದಿ ಮಹಿಳೆಯರು ಸರಾಸರಿ 12 ಕಿಲೋ ಇಳಿದು, ತೂಕ ಸ್ಥಿರವಾದ ಮೇಲೆ ಅಳೆಸಿಕೊಂಡಾಗ ಹೊಂದಾಣಿಕೆಯ ಸರಾಸರಿ ದಿನಕ್ಕೆ 50 ಕ್ಯಾಲೊರಿಯಷ್ಟೇ ಇದ್ದಿತು. ಒಂದೊಂದು ದೇಹದಲ್ಲಿ ಒಂದೊಂದು ತೆರ. ಎರಡು ವರ್ಷಗಳೊಳಗೆ ಅವರು ಕಳೆದುಕೊಂಡಿದ್ದ ತೂಕದ ಹತ್ತರಲ್ಲಿ ಒಂಬತ್ತು ಪಾಲಿಗೆ ಸಮೀಪವಾದುದು ಮರಳಿ ಬಂದಿತ್ತು. ಆದರೆ ಯಾರಿಗೆ ಹೆಚ್ಚು ಮರಳಿತೆಂಬುದಕ್ಕೂ ಆ 50 ಕ್ಯಾಲೊರಿಗೂ ಯಾವ ನಂಟೂ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಸ್ಪರ್ಧೆಯ ಅಧ್ಯಯನದಷ್ಟು ಪ್ರಸಿದ್ಧವಾಗಲಿಲ್ಲ. ನಮ್ಮಂತಹ ಸಾಮಾನ್ಯರ ಐದು ಹತ್ತು ಕಿಲೋಗಳ ವಿಷಯಕ್ಕೆ ಮಾತ್ರ ಇದೇ ಹೆಚ್ಚು ಸಮೀಪದ್ದು.

ಐವತ್ತು ಕ್ಯಾಲೊರಿಯೆಂದರೆ ಒಂದು ಚಿಕ್ಕ ಚಮಚ ಎಣ್ಣೆ. ಅದಕ್ಕಾಗಿ ಹನ್ನೆರಡು ಕಿಲೋ ಮರಳಿ ಬರುವುದು ಸಾಧ್ಯವೆ? ಹಾಗಾದರೆ ತೂಕವನ್ನು ಮರಳಿ ಎಳೆತರುವ ಶಕ್ತಿ ಯಾವುದು?

ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು ಲೆಕ್ಕಹಾಕಿ ನೋಡೋಣ. ವಯಸ್ಸು 45, ಎತ್ತರ 172 ಸೆಂಟಿಮೀಟರು, ತೂಕ 90 ಕಿಲೋ, ಕುಳಿತು ಮಾಡುವ ಉದ್ಯೋಗ, ಸಂಜೆ ಅಲ್ಪಸ್ವಲ್ಪ ನಡಿಗೆ. ಆಹಾರತಜ್ಞರು ಬಳಸುವ ಮಿಫ್ಲಿನ್ ಸೂತ್ರದಂತೆ ಕಿಲೋಗಳನ್ನು ಹತ್ತರಿಂದಲೂ, ಸೆಂಟಿಮೀಟರುಗಳನ್ನು ಆರೂಕಾಲರಿಂದಲೂ, ವಯಸ್ಸನ್ನು ಐದರಿಂದಲೂ ಗುಣಿಸಿ, ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದು, ಗಂಡಸಾದರೆ ಐದನ್ನು ಸೇರಿಸಿದರೆ, ಇವನ ವಿಶ್ರಾಂತಿಯ ವ್ಯಯ 1,755 ಕ್ಯಾಲೊರಿಯಾಗುತ್ತದೆ. ಓಡಾಟ, ಜೀರ್ಣಕ್ರಿಯೆಗಳನ್ನು ಸೇರಿಸಿ ಒಂದೂವರೆಯಿಂದ ಗುಣಿಸಿದರೆ ದಿನದ ಒಟ್ಟು ವ್ಯಯ ಸುಮಾರು 2,630. ತೂಕ ಏರದೆ ಇಳಿಯದೆ ಇದ್ದಿತೆಂದರೆ ಇವನು ಉಣ್ಣುತ್ತಿದ್ದುದೂ ಅಷ್ಟೇ. ಈಗ ಇವನು ವರ್ಷವೊಂದರಲ್ಲಿ ಹದಿನಾಲ್ಕು ಕಿಲೋ ಇಳಿದು 76ಕ್ಕೆ ಬಂದನೆನ್ನೋಣ. ಅದೇ ಸೂತ್ರದಿಂದ ವಿಶ್ರಾಂತಿಯ ವ್ಯಯ 1,615, ದಿನದ ವ್ಯಯ ಸುಮಾರು 2,420. ಹೊಂದಾಣಿಕೆಯ ಕೊರತೆಯನ್ನು ಸ್ವಲ್ಪ ಧಾರಾಳವಾಗಿಯೇ 80ರಷ್ಟಿದೆಯೆಂದು ಹಿಡಿದರೆ 2,340. ಒಟ್ಟು ಇಳಿತ ಸುಮಾರು 290. ಇದರಲ್ಲಿ 210 ಸಣ್ಣ ದೇಹದ ಸರಳ ಲೆಕ್ಕ, ಉಳಿದ 80 ಮಾತ್ರ ದೇಹದ ಬಿಗಿ.

ಈಗ, ಗುರಿ ಮುಟ್ಟಿತೆಂಬ ಸಂತೋಷದಲ್ಲಿ, ಇವನು "ಇನ್ನು ಮೊದಲಿನಂತೆಯೇ ಊಟ" ಎಂದು 2,630ಕ್ಕೆ ಮರಳುತ್ತಾನೆ. ದಿನಕ್ಕೆ 290ರ ಹೆಚ್ಚುವರಿ, ಅಂದರೆ ಒಂದು ಬಟ್ಟಲು ಅನ್ನ, ಎರಡು ಚಿಕ್ಕ ಚಮಚ ಎಣ್ಣೆ. ಕೊಬ್ಬಿನ ಕಿಲೋವೊಂದಕ್ಕೆ 7,700 ಕ್ಯಾಲೊರಿಯೆಂಬ ರೂಢಿಯ ಲೆಕ್ಕದಿಂದ ಒಂದು ವರ್ಷಕ್ಕೆ ಹೆಚ್ಚುಕಡಮೆ ಹದಿನಾಲ್ಕೂ ಮರಳಬೇಕು. ವಾಸ್ತವದಲ್ಲಿ ತೂಕ ಏರಿದಂತೆ ವ್ಯಯವೂ ಏರುವುದರಿಂದ ವೇಗ ಕುಂದುತ್ತದೆ, ಹಾಲ್ ತಂಡದ ಗಣಿತದ ಪ್ರಕಾರ ಬರಬೇಕಾದುದರಲ್ಲಿ ಅರ್ಧ ಮೊದಲ ವರ್ಷದಲ್ಲಿಯೂ ಉಳಿದುದು ಹೆಚ್ಚುಕಡಮೆ ಮೂರು ವರ್ಷಗಳೊಳಗೂ ಬರುತ್ತದೆ. ನಿಧಾನವಾಗಲಿ ಬೇಗವಾಗಲಿ, 90 ಕಿಲೋಗಳನ್ನು ಪೋಷಿಸುತ್ತಿದ್ದ ಊಟ ಮತ್ತೆ 90 ಕಿಲೋಗಳನ್ನೇ ಕಟ್ಟುತ್ತದೆ. ಗಮನಿಸಬೇಕಾದ ಅಂಶವೇನೆಂದರೆ, ಆ 80ನ್ನು ಸೊನ್ನೆಯೆಂದು ತಿದ್ದಿದರೂ ಫಲಿತಾಂಶ ಬದಲಾಗುವುದಿಲ್ಲ. ಕೆಲವು ತಿಂಗಳು ತಡವಾಗುತ್ತದೆ, ಅಷ್ಟೇ.

ಇಷ್ಟು ಸರಳವಾದರೆ 290ನ್ನು ಬಿಟ್ಟುಕೊಟ್ಟು ಇರಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಹಸಿವಿನಲ್ಲಿದೆ, ಮತ್ತು ಅದನ್ನು ಅಳೆದ ಬಗೆ ತುಂಬ ಜಾಣತನದ್ದು. ಸಕ್ಕರೆಕಾಯಿಲೆಗೆ ಕೊಡುವ ಕ್ಯಾನಗ್ಲಿಫ್ಲೋಜಿನ್ ಎಂಬ ಔಷಧ ರಕ್ತದ ಸಕ್ಕರೆಯ ಒಂದಂಶವನ್ನು ಮೂತ್ರದಲ್ಲಿ ಹೊರಹಾಕುತ್ತದೆ; ದಿನಕ್ಕೆ ಸುಮಾರು 360 ಕ್ಯಾಲೊರಿ ಹೀಗೆ ರೋಗಿಯ ಅರಿವಿಗೆ ಬಾರದೆ ಸೋರಿಹೋಗುತ್ತದೆ. ಪಥ್ಯವಿಲ್ಲ, ಸಂಕಲ್ಪವಿಲ್ಲ, ವ್ರತಭಂಗದ ಪ್ರಶ್ನೆಯೂ ಇಲ್ಲ. ವರ್ಷವೊಂದರ ಕಾಲ ಇದನ್ನು ಸೇವಿಸಿದ ರೋಗಿಗಳ ತೂಕವನ್ನು ಗಮನಿಸಿ, ಅದು ಕೆಲವು ಕಿಲೋ ಇಳಿದು ನಿಂತುಬಿಟ್ಟ ರೀತಿಯಿಂದ ಅವರು ಎಷ್ಟು ಹೆಚ್ಚಾಗಿ ಉಂಡಿರಬೇಕೆಂದು ಹಿಂದಕ್ಕೆ ಲೆಕ್ಕಹಾಕಿದಾಗ, 2016ರಲ್ಲಿ ಪೊಲಿಡೋರಿ ಮತ್ತು ಹಾಲ್ ಕಂಡದ್ದಿದು: ಇಳಿದ ಒಂದೊಂದು ಕಿಲೋಗೂ ವ್ಯಯ ತಗ್ಗುವುದು ದಿನಕ್ಕೆ 20-30 ಕ್ಯಾಲೊರಿ, ಹಸಿವು ಹೆಚ್ಚುವುದು ಸುಮಾರು 100. ನಮ್ಮ ಕಲ್ಪನೆಯ ಮನುಷ್ಯನ ಹದಿನಾಲ್ಕು ಕಿಲೋಗಳಿಗೂ ಇದೇ ದರವನ್ನು ಕುರುಡಾಗಿ ಹಚ್ಚಲಾಗದು, ಆ ಅಧ್ಯಯನದಲ್ಲಿ ಇಳಿದದ್ದು ನಾಲ್ಕು ಕಿಲೋದಷ್ಟು ಮಾತ್ರ. ಆದರೂ ಎರಡು ಶಕ್ತಿಗಳಲ್ಲಿ ಹಿರಿದು ಯಾವುದೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಲೆಪ್ಟಿನ್ ಇಳಿದಾಗ ಮಿದುಳು ವ್ಯಯದ ಕೊಳಾಯಿಯನ್ನು ತುಸುವೇ ತಿರುಗಿಸುತ್ತದೆ, ಊಟದ ಹಂಬಲವನ್ನಾದರೋ ಮೂರು ನಾಲ್ಕು ಪಟ್ಟು ಬಲವಾಗಿ ಎಬ್ಬಿಸುತ್ತದೆ. ಆ ಹಂಬಲವೂ ಹೊಟ್ಟೆ ಚುರುಗುಟ್ಟುವ ರೂಪದಲ್ಲೇ ಬರಬೇಕೆಂದಿಲ್ಲ: ಎರಡನೆಯ ಸಲ ಬಡಿಸಿಕೊಂಡ ಸಾರನ್ನದಲ್ಲಿ, ಮಕ್ಕಳು ಬಿಟ್ಟ ತುಣುಕಿನಲ್ಲಿ, ಸಂಜೆಯ ಕಾಫಿಯ ಜೊತೆಯ ಚಕ್ಕುಲಿಯಲ್ಲಿ ಅದು ಯಾರಿಗೂ ತಿಳಿಯದಂತೆ ತೀರಿಹೋಗುತ್ತದೆ.

ತಿಳಿಯದಂತೆ ಎಂಬ ಮಾತನ್ನು ಉತ್ಪ್ರೇಕ್ಷೆಯಾಗಿ ಹೇಳಲಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ, ದಿನಕ್ಕೆ 1,200 ಕ್ಯಾಲೊರಿಗೂ ಕಡಿಮೆ ಉಂಡರೂ ತೂಕ ಇಳಿಯುತ್ತಿಲ್ಲವೆಂದು ದೂರುತ್ತಿದ್ದ ಹತ್ತು ಮಂದಿಯನ್ನು ಸ್ಟೀವನ್ ಹೇಮ್ಸ್‌ಫೀಲ್ಡ್ ಅವರ ತಂಡ ಪರೀಕ್ಷಿಸಿತು. ಅವರ ಚಯಾಪಚಯ ನಿರೀಕ್ಷಿತ ಮಟ್ಟದಲ್ಲೇ ಇದ್ದಿತು. ಆದರೆ ಉಂಡದ್ದನ್ನು ನಿಜಕ್ಕಿಂತ ನೂರಕ್ಕೆ 47ರಷ್ಟು ಕಡಿಮೆಯಾಗಿಯೂ, ಓಡಾಡಿದ್ದನ್ನು 51ರಷ್ಟು ಹೆಚ್ಚಾಗಿಯೂ ಅವರು ಬರೆದಿದ್ದರು. ಅವರನ್ನು ಸುಳ್ಳುಗಾರರೆನ್ನುವುದು ಅನ್ಯಾಯ. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ದೇಹವೇ ಕೆಟ್ಟಿದೆಯೆಂಬ ನಂಬಿಕೆ ಪ್ರಾಮಾಣಿಕವಾಗಿಯೇ ಇದ್ದಿತು.

ಆದ್ದರಿಂದ ತೂಕ ನಿಂತಾಗ ಕಾರಣ ಯಾವುದೆಂದು ತಿಳಿಯುವುದಕ್ಕೆ ಅಂಗೈಯಗಲದ ಯಂತ್ರಗಳೂ ಮಾರುಕಟ್ಟೆಯಲ್ಲಿ ಸಿಗುವ 'ದೇಹದ ವಯಸ್ಸು' ತೋರಿಸುವ ತಕ್ಕಡಿಗಳೂ ಬೇಕಿಲ್ಲ; ಅವು ತಮ್ಮೊಳಗಿನ ಸೂತ್ರವನ್ನೇ ಮರಳಿ ಒದರುತ್ತವೆ. ಬೆಳಗ್ಗೆ ಶೌಚದ ಬಳಿಕ ತೂಗಿಕೊಂಡು ವಾರದ ಸರಾಸರಿಯನ್ನು ಮೂರು ನಾಲ್ಕು ವಾರ ಬರೆದಿಡಬೇಕು. ಉಪ್ಪು, ನೀರು, ಸ್ತ್ರೀಯರಲ್ಲಿ ಮಾಸಿಕ ಚಕ್ರ ಇವುಗಳಿಂದ ದಿನದ ತೂಕ ಕಿಲೋ ಒಂದೆರಡು ಏರಿಳಿಯುವುದರಿಂದ ಒಂದು ಬೆಳಗಿನ ಅಂಕಿಗೆ ಬೆಲೆ ಇಲ್ಲ. ಸರಾಸರಿ ನಿಜವಾಗಿಯೂ ನಿಂತಿದ್ದರೆ ಅಂದಿನ ಊಟವೇ ಅಂದಿನ ವ್ಯಯ. ಆಗ ಒಂದು ವಾರ ಅಡುಗೆಮನೆಯ ತಕ್ಕಡಿಯಲ್ಲಿ ಅಕ್ಕಿಯನ್ನೂ ಎಣ್ಣೆಯನ್ನೂ ತೂಗಿ ನೋಡಿದರೆ, ಮೇಲಿನ ಸೂತ್ರದ ಅಂದಾಜಿಗೂ ಊಟಕ್ಕೂ ನಡುವಣ ಅಂತರ ಹೊಂದಾಣಿಕೆಯಷ್ಟಿದೆಯೆ, ಚಕ್ಕುಲಿಯಷ್ಟಿದೆಯೆ ಎಂಬುದು ಸಾಮಾನ್ಯವಾಗಿ ಹೊರಬೀಳುತ್ತದೆ. ತೂಗಿ ಉಂಡರೂ ದೊಡ್ಡ ಅಂತರವೇ ಉಳಿಯಿತೆಂದರೆ, ಥೈರಾಯಿಡ್ಡಿನ ರಕ್ತಪರೀಕ್ಷೆಯನ್ನು ಮಾಡಿಸಿ ನೋಡುವುದು ಯುಕ್ತ.

ತೂಕವನ್ನು ಹಿಡಿದಿಡುವ ಪ್ರಶ್ನೆಗೆ ಇದರಿಂದ ಹೊರಡುವ ಉತ್ತರ ಎರಡು ಪಾಲಿನದು. ವ್ಯಾಯಾಮ ತೂಕ ಇಳಿಸುವುದಕ್ಕಿಂತ ಇಳಿದ ತೂಕವನ್ನು ಕಾಯುವುದರಲ್ಲಿ ಹೆಚ್ಚು ಬಲವುಳ್ಳದ್ದೆಂದು ಸ್ಪರ್ಧಿಗಳ ಕತೆಯೇ ತೋರಿಸುತ್ತದೆ. ಆದರೆ ಬೇಕಾದ ಅಳತೆ ಸಣ್ಣದಲ್ಲ, ಅವರ ಚಟುವಟಿಕೆಯನ್ನು ಅಳೆದ ಅಧ್ಯಯನದ ಅಂದಾಜಿನಲ್ಲಿ ದಿನಕ್ಕೆ 80 ನಿಮಿಷಗಳ ಬಿರುಸು ನಡಿಗೆ ಅಥವಾ 35 ನಿಮಿಷಗಳ ಏದುಸಿರಿನ ಶ್ರಮ. ನಮ್ಮ 76 ಕಿಲೋದವನು ಅಷ್ಟನ್ನು ನಡೆದರೆ, ದೇಹ ಅದರಲ್ಲಿ ಒಂದಂಶವನ್ನು ಬೇರೆಡೆ ಕಡಿತ ಮಾಡಿಕೊಂಡರೂ, 290ರ ಕಂದಕ ಬಹುಮಟ್ಟಿಗೆ ತುಂಬುತ್ತದೆ. ಇನ್ನೊಂದು ಪಾಲು ಹಸಿವಿನದು, ಮತ್ತು ಇಂದಿನ ಹೊಸ ಔಷಧಗಳು ಮುಟ್ಟುವುದೂ ಅದನ್ನೇ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ವ್ಯಯವನ್ನು ಮೇಲೆತ್ತಿ ಕೆಲಸ ಮಾಡುವುದಲ್ಲ. ಮಿದುಳಿನಲ್ಲಿ ಊಟದ ಹಂಬಲವನ್ನು ತಗ್ಗಿಸುತ್ತದೆ. ಅದನ್ನು ನಿಲ್ಲಿಸಿದವರನ್ನು ಹಿಂಬಾಲಿಸಿ ನೋಡಿದಾಗ, ಇಳಿದಿದ್ದ ತೂಕದ ಮೂರನೆಯ ಎರಡು ಪಾಲು ಒಂದು ವರ್ಷದೊಳಗೆ ಮರಳಿ ಬಂದಿತ್ತು. ರಕ್ತದೊತ್ತಡದ ಗುಳಿಗೆಯನ್ನು ಬಿಟ್ಟವನಿಗೆ ಒತ್ತಡ ಮರಳಿ ಏರಿದರೆ ವೈದ್ಯರು ಅವನ ಚಾರಿತ್ರ್ಯವನ್ನು ವಿಚಾರಿಸುವುದಿಲ್ಲ. ಇಲ್ಲಿಯೂ ಅವರು ವಿಚಾರಿಸಬೇಕಾದುದು ಔಷಧ ಎಷ್ಟು ವರ್ಷ, ಯಾವ ಖರ್ಚಿನಲ್ಲಿ, ಯಾರಿಗೆ ಎಂಬುದನ್ನೇ.